ಮೂರು ಬಿಂದುಗಳನ್ನು ಮೂರು ಜಾಗಕ್ಕೆ ಕಳಿಸುವ ಮ್ಯಾಪ್: ಕ್ರಾಸ್ ರೇಷಿಯೋ ಲೆಕ್ಕ ತಪ್ಪದ ಹಾಗೆ ಮಾಡುವ ಬಗೆ

ಮೂರು ಬಿಂದುಗಳನ್ನು ಕೊಟ್ಟಿರುತ್ತಾರೆ. ಅವು ಹೋಗಿ ಸೇರಬೇಕಾದ ಮೂರು ಜಾಗಗಳನ್ನೂ ಕೊಟ್ಟಿರುತ್ತಾರೆ. ಹಾಗೆ ಕಳಿಸುವ ಬೈಲೀನಿಯರ್ ಟ್ರಾನ್ಸ್‌ಫರ್ಮೇಷನ್ ಕಂಡುಹಿಡಿಯಬೇಕು. ಬಿ.ಎಸ್ಸಿ ಮತ್ತು ಇಂಜಿನಿಯರಿಂಗ್ ಓದಿದವರಿಗೆ ಈ ಲೆಕ್ಕ ಗೊತ್ತೇ ಇರುತ್ತದೆ. ಸೂತ್ರ ಬಾಯಿಪಾಠವೂ ಆಗಿರುತ್ತದೆ. ಆದರೂ ಉತ್ತರ ತಪ್ಪುತ್ತದೆ.

ಜೂನಿಯರ್‌ಗಳ ನೋಟ್‌ಬುಕ್ ನೋಡುವಾಗ ನನಗೆ ಪದೇಪದೇ ಸಿಗುವುದು ಎರಡೇ ತಪ್ಪು. ಒಂದು, ಬಿಂದುಗಳ ಕ್ರಮ ಎರಡು ಕಡೆ ಬೇರೆಬೇರೆ ಆಗಿರುವುದು. ಇನ್ನೊಂದು, ಅನಂತ ಬಂದಾಗ ಒಂದು ಮೈನಸ್ ಚಿಹ್ನೆ ಮಾಯವಾಗುವುದು. ಎರಡಕ್ಕೂ ಕಾರಣ ಒಂದೇ: ಸೂತ್ರವನ್ನು ನೆನಪಿನಿಂದ ಬರೆಯುತ್ತಾರೆ. ಇದನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಇಲ್ಲ, ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳಬಹುದು. ಅದಕ್ಕೆ ಅರ್ಧ ನಿಮಿಷ ಸಾಕು.

## ಏನೇನು ಬೇಕು

ಸಂಕೀರ್ಣ ಸಂಖ್ಯೆಗಳ ಗುಣಾಕಾರ, ಭಾಗಾಕಾರ ಬರಬೇಕು. `i² = −1` ಅನ್ನುವುದು ಕೈಗೆ ಒಗ್ಗಿರಬೇಕು. ಒಂದು ಹಾಳೆ ಬೇಕು, ಅದರ ಬಲಗಡೆ ಚಿತ್ರಕ್ಕೆ ಸ್ವಲ್ಪ ಜಾಗ ಬಿಡಿ. ಚಿತ್ರ ಬರೆಯದೆ ಈ ಲೆಕ್ಕ ಮಾಡಬೇಡಿ. ಕೊನೆಯಲ್ಲಿ ಒಳಗೆ ಯಾವುದು, ಹೊರಗೆ ಯಾವುದು ಅಂತ ಕೇಳಿದಾಗ ಅದೇ ಕಾಪಾಡುತ್ತದೆ.

ನಾವು ಹುಡುಕುವ ಮ್ಯಾಪ್‌ನ ರೂಪ ಇದು:

```
w = (az + b) / (cz + d),   ad − bc ≠ 0
```

`ad − bc` ಸೊನ್ನೆಯಾದರೆ ಇದು ಎಲ್ಲ ಬಿಂದುಗಳನ್ನೂ ಒಂದೇ ಜಾಗಕ್ಕೆ ತಂದು ಹಾಕುತ್ತದೆ. ಅಂಥದ್ದು ನಮಗೆ ಬೇಡ.

## ಹಂತ 1: ಮೊದಲು ಜೋಡಿ ಬರೆಯಿರಿ

ಈ ಬರಹದ ಪೂರ್ತಿ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 0, 1, i ಎಂಬ ಬಿಂದುಗಳು ಕ್ರಮವಾಗಿ −i, 0, −1 ಎಂಬ ಜಾಗಗಳಿಗೆ ಹೋಗಬೇಕು.

```
z1 = 0   →   w1 = −i
z2 = 1   →   w2 = 0
z3 = i   →   w3 = −1
```

ಸಾಲು ಅಂದರೆ ಜೋಡಿ. ಬೇಕಿದ್ದರೆ ಮೂರೂ ಸಾಲುಗಳನ್ನು ಹಿಂದುಮುಂದು ಮಾಡಿಕೊಳ್ಳಿ, ತೊಂದರೆಯಿಲ್ಲ. ಜೋಡಿ ಮಾತ್ರ ಒಡೆಯಬಾರದು. ಇನ್ನೊಂದು ಮಾತು: ಎಡಗಡೆಯ ಮೂರೂ ಬೇರೆಬೇರೆ ಇರಬೇಕು, ಬಲಗಡೆಯ ಮೂರೂ ಬೇರೆಬೇರೆ ಇರಬೇಕು. ಎರಡು ಒಂದೇ ಆಗಿದ್ದರೆ ಪ್ರಶ್ನೆಯನ್ನೇ ತಪ್ಪಾಗಿ ಬರೆದುಕೊಂಡಿದ್ದೀರಿ.

## ಹಂತ 2: 0, 1, ∞ ಕಡೆಗೆ ಒಂದು ಮ್ಯಾಪ್ ಕಟ್ಟಿ

z1, z2, z3 ಇವನ್ನು ನೇರವಾಗಿ w1, w2, w3 ಕಡೆಗೆ ಕಳಿಸಲು ಹೋದರೆ a, b, c, d ಹಿಡಿದುಕೊಂಡು ಸಮೀಕರಣಗಳ ರಾಶಿ ಬಿಡಿಸಬೇಕಾಗುತ್ತದೆ. ಅದರ ಬದಲು ನಡುವೆ ಒಂದು ತಂಗುದಾಣ ಇಟ್ಟುಕೊಳ್ಳಿ. ಆ ತಂಗುದಾಣವೇ 0, 1, ∞.

z1 ಅನ್ನು 0 ಗೆ ಕಳಿಸಬೇಕು ಅಂದರೆ ಅಂಶದಲ್ಲಿ `(z − z1)` ಇರಬೇಕು. z3 ಅನ್ನು ∞ಗೆ ಕಳಿಸಬೇಕು ಅಂದರೆ ಛೇದದಲ್ಲಿ `(z − z3)` ಇರಬೇಕು. ಇಷ್ಟಾದ ಮೇಲೆ z2 ಹಾಕಿದಾಗ `(z2 − z1)/(z2 − z3)` ಬರುತ್ತದೆ. ನಮಗೆ ಅಲ್ಲಿ 1 ಬೇಕು. ಹಾಗಾದರೆ ಆ ಬೆಲೆಯಿಂದಲೇ ಭಾಗಿಸಿಬಿಡಿ.

```
S(z) = (z − z1)(z2 − z3) / [ (z − z3)(z2 − z1) ]
```

ಇದೇ z, z1, z2, z3 ನಾಲ್ಕರ ಕ್ರಾಸ್ ರೇಷಿಯೋ. ಬೇರೆ ಏನೂ ಅಲ್ಲ. ಸೊನ್ನೆ ಮೇಲೆ, ಅನಂತ ಕೆಳಗೆ, ಒಂದಕ್ಕೆ ಸರಿಹೊಂದಿಸಿ. ಅಷ್ಟು ಗೊತ್ತಿದ್ದರೆ ಸೂತ್ರ ಮರೆತರೂ ನಡೆಯುತ್ತದೆ.

ಪುಸ್ತಕಗಳಲ್ಲಿ ಕ್ರಾಸ್ ರೇಷಿಯೋವನ್ನು ಬೇರೆಬೇರೆ ಕ್ರಮದಲ್ಲಿ ಬರೆದಿರುತ್ತಾರೆ. ಯಾವುದೂ ತಪ್ಪಲ್ಲ. ಒಂದು ಲೆಕ್ಕದೊಳಗೆ ಎರಡು ಪದ್ಧತಿ ಬೆರೆಸಿದರೆ ಮಾತ್ರ ಕೆಟ್ಟಿತು. z ಕಡೆ ಕ್ಲಾಸ್ ನೋಟ್ಸ್ ಸೂತ್ರ, w ಕಡೆ ಗೈಡ್ ಸೂತ್ರ ಹಾಕಿದರೆ ಎರಡು ಕಡೆಯ ತಂಗುದಾಣಗಳೇ ಬೇರೆ ಆಗಿಬಿಡುತ್ತವೆ.

ನಮ್ಮ ಉದಾಹರಣೆಯಲ್ಲಿ z ಕಡೆ ಸಿಗುವುದು:

```
S(z) = z(1 − i) / (z − i)
```

0 ಹಾಕಿ, 0 ಬಂತು. 1 ಹಾಕಿ, 1 ಬಂತು. i ಹಾಕಿದರೆ ಛೇದ ಸೊನ್ನೆ, ಅಂದರೆ ∞. ಇಲ್ಲೇ ನಿಂತು ಈ ಮೂರನ್ನೂ ನೋಡಿಕೊಂಡು ಮುಂದೆ ಹೋಗಿ. w ಕಡೆಯೂ ಅದೇ ಕೆಲಸ:

```
(w + i)(0 + 1) / [ (w + 1)(0 + i) ]  =  (w + i) / [ i(w + 1) ]
```

ಇಲ್ಲಿ `w − w1` ಅಂದರೆ `w − (−i)`, ಅಂದರೆ `w + i`. ಎರಡು ಮೈನಸ್ ಸೇರಿ ಪ್ಲಸ್ ಆಗುವ ಜಾಗ. ಅವಸರದಲ್ಲಿ ಜಾಸ್ತಿ ಜನ ಜಾರುವುದು ಇಲ್ಲೇ.

## ಹಂತ 3: ಎರಡನ್ನೂ ಸಮ ಮಾಡಿ, ಯಾಕೆ ಅಂತ ಒಮ್ಮೆ ನೋಡಿಕೊಳ್ಳಿ

ಈಗ z ಕಡೆಯ ಕ್ರಾಸ್ ರೇಷಿಯೋ, w ಕಡೆಯ ಕ್ರಾಸ್ ರೇಷಿಯೋ ಎರಡೂ ಸಮ ಅಂತ ಬರೆಯುತ್ತೇವೆ. ಹಾಗೆ ಬರೆಯುವ ಹಕ್ಕು ಎಲ್ಲಿಂದ ಬಂತು? ಈ ಜಾತಿಯ ಮ್ಯಾಪ್ ಯಾವುದೇ ಇರಲಿ, ಅದು ಕ್ರಾಸ್ ರೇಷಿಯೋವನ್ನು ಬದಲಿಸುವುದಿಲ್ಲ ಅನ್ನುವುದರಿಂದ. ಕಾರಣ ಒಂದೇ ಸಾಲಿನಲ್ಲಿದೆ. T ನಮ್ಮ ಮ್ಯಾಪ್ ಆಗಿರಲಿ, p ಮತ್ತು q ಯಾವುದೋ ಎರಡು ಬಿಂದುಗಳಾಗಿರಲಿ:

```
T(p) − T(q) = (ad − bc)(p − q) / [ (cp + d)(cq + d) ]
```

ಬಿಡಿಸಿ ನೋಡಿ, ಅಂಶದಲ್ಲಿ `acpq` ಮತ್ತು `bd` ಎರಡೂ ಹೊಡೆದುಹೋಗಿ ಇದೇ ಉಳಿಯುತ್ತದೆ. ಅಂದರೆ ಎರಡು ಬಿಂದುಗಳ ವ್ಯತ್ಯಾಸಕ್ಕೆ T ಅಂಟಿಸುವುದು ಮೂರು ಸಂಗತಿ: `ad − bc`, p ಗೆ ಸೇರಿದ `1/(cp + d)`, q ಗೆ ಸೇರಿದ `1/(cq + d)`.

ಈಗ ಕ್ರಾಸ್ ರೇಷಿಯೋ ಕಡೆ ಕಣ್ಣು ಹಾಯಿಸಿ. ಮೇಲೆ ಎರಡು ವ್ಯತ್ಯಾಸ, ಕೆಳಗೆ ಎರಡು ವ್ಯತ್ಯಾಸ. ಹಾಗಾಗಿ `ad − bc` ಹೊಡೆದುಹೋಗುತ್ತದೆ. ಪ್ರತಿಯೊಂದು ಬಿಂದುವೂ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಬರುತ್ತದೆ. ಹಾಗಾಗಿ ಅದಕ್ಕೆ ಅಂಟಿದ ತುಂಡೂ ಹೊಡೆದುಹೋಗುತ್ತದೆ. ಉಳಿಯುವುದು ಹಳೆಯ ಕ್ರಾಸ್ ರೇಷಿಯೋ.

ಮೂರೇ ಬಿಂದುಗಳ ಅನುಪಾತ, ಉದಾಹರಣೆಗೆ `(p − q)/(p − r)`, ಹೀಗೆ ಉಳಿಯುವುದಿಲ್ಲ. ಅಲ್ಲಿ p ಮಾತ್ರ ಮೇಲೂ ಕೆಳಗೂ ಇದೆ. q ಮೇಲೆ ಮಾತ್ರ, r ಕೆಳಗೆ ಮಾತ್ರ. ನಾಲ್ಕು ಬಿಂದುಗಳೇ ಯಾಕೆ ಬೇಕು ಅನ್ನುವುದಕ್ಕೆ ಇದೇ ಉತ್ತರ. ನೀವು ಬರೆದ ಸೂತ್ರ ಸರಿಯಾ ಅಂತ ಅನುಮಾನ ಬಂದರೆ ಇದನ್ನೇ ಪರೀಕ್ಷೆಗೆ ಬಳಸಿ: z, z1, z2, z3 ನಾಲ್ಕೂ ಮೇಲೆ ಒಂದೊಂದು ಸಲ, ಕೆಳಗೆ ಒಂದೊಂದು ಸಲ ಇವೆಯಾ? ಇಲ್ಲದಿದ್ದರೆ ಅದು ಕ್ರಾಸ್ ರೇಷಿಯೋನೇ ಅಲ್ಲ.

ಉತ್ತರ ಒಂದೇ ಇರುತ್ತದೆ ಅನ್ನುವುದೂ ಸುಲಭ. ಮೂರು ಬಿಂದುಗಳನ್ನು ಅವು ಇದ್ದಲ್ಲೇ ಬಿಡುವ ಮ್ಯಾಪ್ ಇದ್ದರೆ `cz² + (d − a)z − b = 0` ಎಂಬ ವರ್ಗ ಸಮೀಕರಣಕ್ಕೆ ಮೂರು ಮೂಲಗಳು ಬೇಕಾಗುತ್ತವೆ. ಅದು ಆಗಬೇಕಾದರೆ ಎಲ್ಲ ಗುಣಕಗಳೂ ಸೊನ್ನೆಯಾಗಬೇಕು, ಆಗ ಉಳಿಯುವುದು w = z. ನಿಮ್ಮ ಉತ್ತರ, ಗೆಳೆಯನ ಉತ್ತರ ಎರಡೂ ಸರಿಯಿದ್ದರೆ ಅವು ಒಂದೇ ಮ್ಯಾಪ್. ಮೇಲೂ ಕೆಳಗೂ ಒಂದೇ ಸಂಖ್ಯೆಯಿಂದ ಗುಣಿಸಿದ್ದರಿಂದ ಬೇರೆ ಥರ ಕಾಣುತ್ತಿರಬಹುದು, ಅಷ್ಟೇ.

## ಹಂತ 4: w ಬಿಡಿಸಿ

ಓರೆ ಗುಣಾಕಾರ ಮಾಡಿ. `i(1 − i) = 1 + i` ಆಗುವುದರಿಂದ:

```
(1 + i) z (w + 1) = (w + i)(z − i)
(1 + i)zw + (1 + i)z = wz − iw + iz + 1
```

w ಇರುವ ಪದಗಳೆಲ್ಲ ಎಡಕ್ಕೆ, ಉಳಿದವು ಬಲಕ್ಕೆ:

```
w(iz + i) = 1 − z
w = (1 − z) / [ i(z + 1) ] = i(z − 1) / (z + 1)
```

ಕೊನೆಯ ಸಾಲಿನಲ್ಲಿ `1/i = −i` ಬಳಸಿದ್ದೇವೆ. ಆ ಮೈನಸ್ ಒಳಗೆ ಹೋಗಿ `1 − z` ಅನ್ನು `z − 1` ಮಾಡಿತು. `ad − bc` ಇಲ್ಲಿ 2i, ಸೊನ್ನೆಯಲ್ಲ.

ಎಚ್ಚರಿಕೆಯ ಲಕ್ಷಣ: `wz` ಜೊತೆಗೆ `w²` ಅಥವಾ `z²` ಕಂಡರೆ ಅಲ್ಲೇ ನಿಲ್ಲಿಸಿ. ಯಾವುದೋ ಬ್ರಾಕೆಟ್ ತಪ್ಪು ಕಡೆ ಹೋಗಿದೆ. ಸರಿಯಾದ ಲೆಕ್ಕದಲ್ಲಿ `wz`, `w`, `z`, ಬಿಡಿ ಸಂಖ್ಯೆ, ಈ ನಾಲ್ಕೇ ಬರುವುದು.

## ಹಂತ 5: ಮೂರೂ ಬಿಂದು ಹಾಕಿ ನೋಡಿ, ನಾಲ್ಕನೆಯದನ್ನೂ ಹಾಕಿ

0 ಹಾಕಿದರೆ −i. 1 ಹಾಕಿದರೆ 0. i ಹಾಕಿದರೆ `i(i − 1)/(i + 1)`. ಇದರಲ್ಲಿ `(i − 1)/(i + 1) = i`, ಹಾಗಾಗಿ ಉತ್ತರ `i·i = −1`. ಮೂರೂ ಸರಿ.

"ಎರಡು ನೋಡಿದೆ ಸಾರ್, ಸರಿ ಇತ್ತು" ಅಂತ ಹೇಳುವವರು ಇದ್ದಾರೆ. ಎರಡು ಸಾಲದು. ಯಾಕೆ ಅಂತ ಮುಂದಿನ ಹಂತದಲ್ಲಿ ಕಣ್ಣಾರೆ ಕಾಣುತ್ತದೆ.

ನಾಲ್ಕನೆಯ ಬಿಂದುವಾಗಿ z = 2 ತೆಗೆದುಕೊಳ್ಳಿ. ಮ್ಯಾಪ್ ಅದನ್ನು i/3 ಗೆ ಕಳಿಸುತ್ತದೆ. z ಕಡೆಯ ಕ್ರಾಸ್ ರೇಷಿಯೋ `2(1 − i)/(2 − i)`, ಅಂದರೆ `(6 − 2i)/5`. w ಕಡೆ i/3 ಹಾಕಿದರೆ `4/(3 + i)`, ಅದೂ `(6 − 2i)/5`. ಬದಲಾಗಿಲ್ಲ.

ಕಂಪ್ಯೂಟರ್ ಕೈಗೆ ಸಿಕ್ಕಿದರೆ ಪೈಥಾನ್‌ನಲ್ಲಿ ಹೀಗೆ ನೋಡಬಹುದು:

```python
T = lambda z: 1j*(z - 1)/(z + 1)
for z in (0, 1, 1j, 2):
    print(z, T(z))
```

ಪೈಥಾನ್‌ಗೆ i ಅಂದರೆ `1j`. ಎಲ್ಲಾದರೂ `-0` ಕಂಡರೆ ಗಾಬರಿ ಬೇಡ, ಅದು ಸೊನ್ನೆಯೇ.

ಎರಡು ಕಡೆಯ ಕ್ರಾಸ್ ರೇಷಿಯೋ ಹೊಂದದೇ ಹೋದರೆ ತಕ್ಷಣ ಎಲ್ಲ ಅಳಿಸಬೇಡಿ. ನಾಲ್ಕು ಬಿಂದುಗಳನ್ನು 24 ಕ್ರಮದಲ್ಲಿ ಇಡಬಹುದು, ಆದರೆ ಸಿಗುವ ಬೆಲೆಗಳು ಹೆಚ್ಚೆಂದರೆ ಆರು. ಒಂದು ಕ್ರಮದಲ್ಲಿ k ಬಂದರೆ ಉಳಿದವು `1/k`, `1 − k`, `1/(1 − k)`, `(k − 1)/k`, `k/(k − 1)`. ಒಂದು ಕಡೆ k, ಇನ್ನೊಂದು ಕಡೆ `1 − k` ಬಂದಿದ್ದರೆ ನಿಮ್ಮ ಗುಣಾಕಾರ ಬಹುಶಃ ಸರಿಯಾಗಿಯೇ ಇದೆ, ಕ್ರಮ ತಪ್ಪಿದೆ. ಈ ಆರರಲ್ಲಿ ಯಾವುದೂ ಅಲ್ಲದ ಬೆಲೆ ಬಂದಿದ್ದರೆ ಆಗ ಲೆಕ್ಕದಲ್ಲೇ ದೋಷ ಹುಡುಕಿ.

## ಹಂತ 6: ಅನಂತ ಬಂದಾಗ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಪರೀಕ್ಷೆಯಲ್ಲಿ ನಾನೂ ಒಮ್ಮೆ ಅಂಕ ಕಳೆದುಕೊಂಡಿದ್ದು ಇಲ್ಲೇ.

ಹಂತ 2 ರ ರೀತಿಯಲ್ಲಿ ಕಟ್ಟುವವರಿಗೆ ಅನಂತ ಸಮಸ್ಯೆಯೇ ಅಲ್ಲ. ∞ ಇರುವ ಎರಡು ಬ್ರಾಕೆಟ್‌ಗಳನ್ನು ಬಿಟ್ಟುಬಿಡಿ:

```
z1 = ∞ :  S(z) = (z2 − z3) / (z − z3)
z2 = ∞ :  S(z) = (z − z1) / (z − z3)
z3 = ∞ :  S(z) = (z − z1) / (z2 − z1)
```

ಒಂದೊಂದನ್ನೂ ನೋಡಿ. ಮೊದಲನೆಯದು ∞ ಅನ್ನು 0 ಗೆ ಕಳಿಸುತ್ತದೆ, z2 ಅನ್ನು 1 ಕ್ಕೆ, z3 ಅನ್ನು ∞ಗೆ. ಉಳಿದ ಎರಡೂ ಹಾಗೆಯೇ. ಚಿಹ್ನೆಯ ತಲೆನೋವಿಲ್ಲ. ಯಾಕೆಂದರೆ ನಮ್ಮ ಸೂತ್ರದಲ್ಲಿ ∞ ಇರುವ ಎರಡು ಬ್ರಾಕೆಟ್‌ಗಳಲ್ಲೂ ಅದು ಒಂದೇ ಬದಿಯಲ್ಲಿ, ಅಥವಾ z2 ಆದರೆ ಎರಡರಲ್ಲೂ ಮೊದಲು, ನಿಂತಿದೆ. ಅವುಗಳ ಅನುಪಾತ 1 ರ ಕಡೆಗೇ ಹೋಗುತ್ತದೆ.

ಆದರೆ ಈ ರೂಪದ ಸೂತ್ರ ಬಳಸುವವರೂ ತುಂಬಾ ಜನ ಇದ್ದಾರೆ:

```
(w1 − w2)(w3 − w) / [ (w2 − w3)(w − w1) ]
```

ಇದೂ ಸರಿಯೇ, ನಮ್ಮದನ್ನು ತಲೆಕೆಳಗು ಮಾಡಿದ್ದು. ಇಲ್ಲಿ w3 = ∞ ಆದರೆ `(w3 − w)/(w2 − w3)` ಎಲ್ಲಿಗೆ ಹೋಗುತ್ತದೆ? ಮೇಲೆ w3 ಮೊದಲು ನಿಂತಿದೆ, ಕೆಳಗೆ ಎರಡನೆಯದಾಗಿ ನಿಂತಿದೆ. ಅನುಪಾತ −1. "ಅನಂತವನ್ನು ಅನಂತದಿಂದ ಭಾಗಿಸಿದರೆ ಒಂದು" ಅಂತ ಸುಮ್ನೆ ಹೊಡೆದುಹಾಕಿದರೆ ಆ ಮೈನಸ್ ಹೋಯಿತು.

ಏನಾಗುತ್ತದೆ ನೋಡೋಣ. ಈ ಸಲ 1, i, −1 ಇವು 0, −1, ∞ ಕಡೆಗೆ ಹೋಗಲಿ. ನಮ್ಮ ರೀತಿಯಲ್ಲಿ w ಕಡೆ `(w − 0)/(−1 − 0) = −w`. z ಕಡೆ:

```
(z − 1)(i + 1) / [ (z + 1)(i − 1) ]  =  −i(z − 1) / (z + 1)
```

ಎರಡನ್ನೂ ಸಮ ಮಾಡಿದರೆ `w = i(z − 1)/(z + 1)`. ಅರೆ, ಮೊದಲಿನ ಮ್ಯಾಪೇ ಬಂತಲ್ವಾ! ಹೌದು, ಅದೇ ಮ್ಯಾಪ್, ಬೇರೆ ಮೂರು ಬಿಂದುಗಳ ಮೂಲಕ ಹಿಡಿದಿದ್ದೇವೆ.

ಈಗ ಮೈನಸ್ ಕಳೆದುಕೊಂಡವರಿಗೆ ಸಿಗುವುದು `w = −i(z − 1)/(z + 1)`. ಅವರು 1 ಹಾಕಿ ನೋಡುತ್ತಾರೆ: 0, ಸರಿ. −1 ಹಾಕುತ್ತಾರೆ: ∞, ಸರಿ. ಖುಷಿಯಾಗಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆದರೆ i ಹಾಕಿದರೆ 1 ಬರುತ್ತದೆ, ಬರಬೇಕಾಗಿದ್ದು −1. ಸೊನ್ನೆಗೆ ಚಿಹ್ನೆ ಇಲ್ಲ, ಈ ಅನಂತಕ್ಕೂ ಚಿಹ್ನೆ ಇಲ್ಲ. ಹಾಗಾಗಿ ಚಿಹ್ನೆಯ ತಪ್ಪನ್ನು ಆ ಎರಡು ಬಿಂದುಗಳು ಎಂದೂ ಹಿಡಿದುಕೊಡುವುದಿಲ್ಲ. ಉಳಿದ ಮೂರನೆಯ ಬಿಂದುವೇ ಹಿಡಿಯಬೇಕು.

ಈ ತಪ್ಪು ಬಹಳ ದಿನ ಬದುಕುವುದಕ್ಕೆ ಇನ್ನೊಂದು ಕಾರಣವೂ ಇದೆ. ಆ ಸೂತ್ರದಲ್ಲಿ z3, w3 ಎರಡೂ ∞ ಆಗಿದ್ದರೆ ಎರಡು ಕಡೆಯ ಮೈನಸ್‌ಗಳೂ ಹೊಡೆದುಹೋಗುತ್ತವೆ. ತಪ್ಪು ದಾರಿಯಲ್ಲಿ ಹೋದರೂ ಉತ್ತರ ಸರಿ ಬರುತ್ತದೆ. ಮನೆಯಲ್ಲಿ ಮಾಡಿದ ಲೆಕ್ಕ ಅಂಥದ್ದಾಗಿ, ಪರೀಕ್ಷೆಯಲ್ಲಿ ಒಂದೇ ಕಡೆ ∞ ಬಂದರೆ ಕಥೆ ಮುಗಿಯಿತು.

## ಹಂತ 7: ವೃತ್ತ ಎಲ್ಲಿಗೆ ಹೋಯಿತು, ಒಳಗಿನದು ಎಲ್ಲಿಗೆ ಹೋಯಿತು

ಮೂರು ಬಿಂದುಗಳ ಮೂಲಕ ಒಂದೇ ವೃತ್ತ ಹಾದುಹೋಗುತ್ತದೆ, ಅವು ಒಂದೇ ಸಾಲಿನಲ್ಲಿದ್ದರೆ ಸರಳರೇಖೆ. ನಾಲ್ಕನೆಯ ಬಿಂದು ಅದೇ ವೃತ್ತದ ಮೇಲೆ ಅಥವಾ ರೇಖೆಯ ಮೇಲೆ ಇದ್ದರೆ ಮಾತ್ರ ಕ್ರಾಸ್ ರೇಷಿಯೋ ವಾಸ್ತವ ಸಂಖ್ಯೆಯಾಗುತ್ತದೆ. ಕ್ರಾಸ್ ರೇಷಿಯೋ ಬದಲಾಗದ್ದರಿಂದ ವೃತ್ತದ ಮೇಲಿದ್ದದ್ದು ಹೊಸ ವೃತ್ತದ ಅಥವಾ ರೇಖೆಯ ಮೇಲೆಯೇ ಹೋಗಿ ಕೂರುತ್ತದೆ.

ನಮ್ಮ ಮೊದಲ ಉದಾಹರಣೆಗೆ ಬನ್ನಿ. 0, 1, i ಜೊತೆಗೆ 1 + i ಸೇರಿಸಿದರೆ ಒಂದು ಚೌಕ. ನಾಲ್ಕೂ ಒಂದೇ ವೃತ್ತದ ಮೇಲಿವೆ. S ನಲ್ಲಿ 1 + i ಹಾಕಿದರೆ `(1 + i)(1 − i)/1 = 2`, ವಾಸ್ತವ ಸಂಖ್ಯೆ. ಮ್ಯಾಪ್ ಅದನ್ನು `(−2 + i)/5` ಗೆ ಕಳಿಸುತ್ತದೆ. −i, 0, −1 ಹಾದುಹೋಗುವ ವೃತ್ತದ ಕೇಂದ್ರ `(−1 − i)/2`, ತ್ರಿಜ್ಯದ ವರ್ಗ 1/2. ದೂರದ ವರ್ಗ 0.01 + 0.49 = 0.5. ಸರಿಯಾಗಿ ಮೇಲೆಯೇ ಕೂತಿದೆ. ಆದರೆ ಅದು ಚೌಕದ ನಾಲ್ಕನೆಯ ಮೂಲೆ −1 − i ಅಲ್ಲ. ವೃತ್ತ ಉಳಿಯುತ್ತದೆ, ಚೌಕ ಉಳಿಯುವುದಿಲ್ಲ.

ವೃತ್ತ ರೇಖೆಯಾಗುತ್ತದಾ ಅಂತ ತಿಳಿಯಲು ಛೇದ ಸೊನ್ನೆಯಾಗುವ ಬಿಂದುವನ್ನು ನೋಡಿ. ಇಲ್ಲಿ ಅದು −1. 0, 1, i ವೃತ್ತದ ಮೇಲೆ −1 ಇಲ್ಲ, ಹಾಗಾಗಿ ಹೋದದ್ದು ವೃತ್ತವಾಗಿಯೇ. ಹಂತ 6 ರಲ್ಲಿ ತೆಗೆದುಕೊಂಡ 1, i, −1 ಏಕಮಾನ ವೃತ್ತದ ಮೇಲಿವೆ, −1 ಅದರ ಮೇಲೆಯೇ ಇದೆ. ಆ ವೃತ್ತ 0, −1 ಮೂಲಕ ಹಾಯುವ ರೇಖೆಯಾಗಿ, ಅಂದರೆ ವಾಸ್ತವ ಅಕ್ಷವಾಗಿ ಬಿಚ್ಚಿಕೊಂಡಿತು.

ಒಳಭಾಗ ಎತ್ತ ಹೋಯಿತು? ಒಳಗಿನ ಒಂದು ಬಿಂದು ಹಾಕಿ ನೋಡುವುದು ಸಾಕು. ಏಕಮಾನ ವೃತ್ತದೊಳಗಿನ 0 ಹೋದದ್ದು −i ಗೆ. ಹಾಗಾಗಿ ಒಳಭಾಗ ಪೂರ್ತಿ ಕೆಳಗಿನ ಅರ್ಧ ಸಮತಲಕ್ಕೆ ಹೋಗುತ್ತದೆ. ದಿಕ್ಕಿನಿಂದಲೂ ತಾಳೆ ನೋಡಬಹುದು. 1 ರಿಂದ i ಮೂಲಕ −1 ಕಡೆಗೆ ನಡೆದರೆ ಒಳಭಾಗ ನಿಮ್ಮ ಎಡಗೈ ಕಡೆ. 0 ಯಿಂದ −1 ಮೂಲಕ ∞ ಕಡೆಗೆ, ಅಂದರೆ ಅಕ್ಷದ ಮೇಲೆ ಎಡಕ್ಕೆ ನಡೆದರೆ ಎಡಗೈ ಕಡೆ ಇರುವುದು ಕೆಳಗಿನ ಅರ್ಧ. ಎರಡೂ ಹೊಂದಿದವು. ಹೊಂದದೆ ಹೋದರೆ ಜೋಡಿಗಳ ಕ್ರಮ ಎಲ್ಲೋ ತಿರುಗಿದೆ.

ಒಂದು ತಪ್ಪು ಮಾತ್ರ ಮಾಡಬೇಡಿ: ಕೇಂದ್ರ ಕೇಂದ್ರಕ್ಕೆ ಹೋಗುತ್ತದೆ ಅಂತ ಊಹಿಸಿ ತ್ರಿಜ್ಯ ಲೆಕ್ಕ ಹಾಕುವುದು. 0, 1, i ವೃತ್ತದ ಕೇಂದ್ರ `(1 + i)/2`. ಅದನ್ನು ಮ್ಯಾಪ್‌ಗೆ ಹಾಕಿದರೆ −0.4 − 0.2i ಬರುತ್ತದೆ. ಹೊಸ ವೃತ್ತದ ಕೇಂದ್ರ −0.5 − 0.5i. ಹೋದ ಬಿಂದು ಹೊಸ ವೃತ್ತದ ಒಳಗೇ ಇದೆ, ಆದರೆ ಕೇಂದ್ರದಲ್ಲಿಲ್ಲ. ಹೊಸ ಕೇಂದ್ರ ಬೇಕಿದ್ದರೆ w1, w2, w3 ಮೂರನ್ನೂ ಚಿತ್ರದಲ್ಲಿ ಗುರುತಿಸಿ, ಅವುಗಳಿಂದಲೇ ಹೊಸದಾಗಿ ಕಂಡುಹಿಡಿಯಿರಿ.